‘ಕ್ಲೋಸ್ ಆಗಿದೆ’ ಎಂದು ಬರೆದರೆ ಸಾಕೇ? ಆಡಿಟ್ ವರದಿಯಲ್ಲಿ ತಾರೀಕು ನೋಡಿ

ಊರಿನ ಓವರ್‌ಹೆಡ್ ಟ್ಯಾಂಕ್ ಕಾಮಗಾರಿಯ ಕ್ವಾಲಿಟಿ ಆಡಿಟ್ ಆಯಿತು ಎಂದರೆ ಜನ ಮೊದಲು ಕೇಳುವುದು ‘ಎಷ್ಟು ತಪ್ಪು ಸಿಕ್ಕಿತು?’ ಎಂದು. ಹತ್ತು ಸಿಕ್ಕಿದರೆ ಕಾಂಟ್ರಾಕ್ಟರ್ ಕಳ್ಳ, ಒಂದೂ ಸಿಗದಿದ್ದರೆ ಕೆಲಸ ಚೆನ್ನಾಗಿದೆ ಎಂಬ ಲೆಕ್ಕ. ಈ ಲೆಕ್ಕ ಸರಿಯಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ತಪ್ಪೇ ಇಲ್ಲದ ಸೈಟ್ ಇರುವುದಿಲ್ಲ. ಒಂದೂ ತಪ್ಪು ಬರೆಯದ ವರದಿ ಕಂಡರೆ, ಬಂದವರು ಜೀಪಿನಿಂದ ಇಳಿದರೋ ಇಲ್ಲವೋ ಎಂದೇ ಅನುಮಾನ ಪಡಬೇಕು. ನೋಡಬೇಕಾದದ್ದು ವರದಿಯ ಕೊನೆಯ ಕಾಲಂ: ಯಾವ ತಪ್ಪನ್ನು ಯಾವ ತಾರೀಕಿನೊಳಗೆ ಸರಿಮಾಡಬೇಕು, ಸರಿಯಾಯಿತು ಎಂದು ಯಾರು ನೋಡಿ ಸಹಿ ಹಾಕಿದರು.

ಜಲಜೀವನ್ ಮಿಷನ್ ಕಾಮಗಾರಿಗಳಲ್ಲಿ ಇಲಾಖೆಯ ಎಂಜಿನಿಯರ್ ಜೊತೆಗೆ ಹೊರಗಿನ ಒಂದು ಸಂಸ್ಥೆಯೂ ಸೈಟ್ ತಪಾಸಣೆ ಮಾಡುತ್ತದೆ. ಇದನ್ನು ಥರ್ಡ್ ಪಾರ್ಟಿ ತಪಾಸಣೆ ಎನ್ನುತ್ತಾರೆ. ಈ ತಪಾಸಣೆ ಆದ ಮೇಲೆಯೇ ಕಾಂಟ್ರಾಕ್ಟರ್‌ಗೆ ಬಿಲ್ ಕೊಡಬೇಕು ಎಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಇದು ಹಣ ಬಿಡುಗಡೆಗೆ ಬೇಕಾದ ಕಾಗದ. ಅದನ್ನು ಓದಲು ಬಂದರೆ ಊರಿಗೇ ಲಾಭ.

ಇಂಥ ಆಡಿಟ್ ವರದಿಗಳಲ್ಲಿ ಸಾಮಾನ್ಯವಾಗಿ ಮೂರು ದರ್ಜೆ ಇರುತ್ತವೆ. ‘ಅಬ್ಸರ್ವೇಶನ್’ ಎಂದರೆ ಇನ್ನೂ ತಪ್ಪಾಗಿಲ್ಲ, ಆದರೆ ಹೀಗೇ ಬಿಟ್ಟರೆ ಆಗಬಹುದು ಎಂಬ ಎಚ್ಚರಿಕೆ. ‘ಮೈನರ್’ ಎಂದರೆ ನಿಯಮ ಮೀರಿದೆ, ಆದರೆ ಅಷ್ಟರಿಂದಲೇ ಟ್ಯಾಂಕ್ ಕೆಡುವುದಿಲ್ಲ. ‘ಮೇಜರ್’ ಎಂದರೆ ಟ್ಯಾಂಕಿನ ಗಟ್ಟಿತನಕ್ಕೋ ಬಾಳಿಕೆಗೋ ನೇರ ಪೆಟ್ಟು ಕೊಡುವ ತಪ್ಪು.

ಅರ್ಥವಾಗಲೆಂದು ಒಂದು ವರದಿಯನ್ನು ಕಲ್ಪಿಸಿಕೊಳ್ಳೋಣ. ಐವತ್ತು ಸಾವಿರ ಲೀಟರ್ ಟ್ಯಾಂಕ್. ಪಿಲ್ಲರ್‌ಗಳು ಎದ್ದಿವೆ, ನೀರು ನಿಲ್ಲುವ ಗೋಡೆಗೆ ಕಂಬಿ ಕಟ್ಟಿದ್ದಾರೆ. ಜುಲೈ 5ರಂದು ಆಡಿಟ್ ನಡೆಯಿತು. ಗೋಡೆಗೆ ಕಾಂಕ್ರೀಟ್ ಹಾಕುವುದು 9ಕ್ಕೆ. ವರದಿಯಲ್ಲಿ ನಾಲ್ಕು ಅಂಶಗಳಿವೆ.

ಒಂದು, ಜಲ್ಲಿ ರಾಶಿಯ ಪಕ್ಕದಲ್ಲೇ ಕೆಮ್ಮಣ್ಣು ಸುರಿದಿದ್ದಾರೆ, ಮಳೆ ಬಂದರೆ ಎರಡೂ ಬೆರೆಯುತ್ತವೆ. ಇದು ಅಬ್ಸರ್ವೇಶನ್. ಎರಡು, ಸಿಮೆಂಟ್ ಮೂಟೆಗಳನ್ನು ಹದಿನಾಲ್ಕು ಎತ್ತರಕ್ಕೆ ಪೇರಿಸಿದ್ದಾರೆ. ಹತ್ತಕ್ಕಿಂತ ಹೆಚ್ಚು ಪೇರಿಸಬಾರದು, ಕೆಳಗಿನ ಮೂಟೆಗಳು ಒತ್ತಡಕ್ಕೆ ಗಟ್ಟಿಯಾಗುತ್ತವೆ. ಇದು ಮೈನರ್. ಮೂರು, ಗೋಡೆಯ ಕಂಬಿಗೆ ಕವರ್ ಬ್ಲಾಕ್ ಕಟ್ಟಿಲ್ಲ, ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗಿಕೊಂಡಿದೆ. ಇದು ಮೇಜರ್. ನಾಲ್ಕು, ಪಿಲ್ಲರ್‌ಗೆ ಹಾಕಿದ ಕಾಂಕ್ರೀಟಿನ ಕ್ಯೂಬ್ ಪರೀಕ್ಷೆಯ ದಾಖಲೆ ಇಲ್ಲ. ಇದೂ ಮೇಜರ್.

ನಾಲ್ಕಕ್ಕೂ ಒಂದೇ ಕ್ಲೋಸಿಂಗ್ ತಾರೀಕು: ಜುಲೈ 20.

ಮೊದಲ ಎರಡಕ್ಕೆ ಈ ತಾರೀಕು ನಡೆಯುತ್ತದೆ. ಮೂರನೆಯದನ್ನು ನೋಡಿ. ಕವರ್ ಬ್ಲಾಕ್ ಎಂದರೆ ಕಂಬಿ ಮತ್ತು ಹಲಗೆಯ ನಡುವೆ ಇಡುವ ಸಣ್ಣ ಸಿಮೆಂಟ್ ಬಿಲ್ಲೆ. ಅದರಿಂದ ಕಂಬಿಯ ಹೊರಗೆ ಕಾಂಕ್ರೀಟಿನ ಒಂದು ಹೊದಿಕೆ ಉಳಿಯುತ್ತದೆ. ನಮ್ಮ ಉದಾಹರಣೆಯ ನಕ್ಷೆಯಲ್ಲಿ ಈ ಹೊದಿಕೆ 45 ಮಿಲಿಮೀಟರ್. ಬಿಲ್ಲೆ ಇಡದಿದ್ದರೆ ಹೊದಿಕೆಯೇ ಇಲ್ಲ. ತೇವ ಕಂಬಿಗೆ ತಲುಪುತ್ತದೆ, ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕೆಲವೇ ವರ್ಷದಲ್ಲಿ ಟ್ಯಾಂಕಿನ ಮೈಮೇಲೆ ಕೆಂಪು ಗೆರೆ, ಆಮೇಲೆ ಚಕ್ಕೆ ಉದುರಿ ಕಾಣುವ ಕಂಬಿ. ಇಂಥ ಟ್ಯಾಂಕನ್ನು ನೀವು ಯಾವುದಾದರೂ ಊರಲ್ಲಿ ನೋಡಿಯೇ ಇರುತ್ತೀರಿ.

ಬಿಲ್ಲೆ ಕಟ್ಟಲು ಅರ್ಧ ದಿನದ ಕೆಲಸ, ಆದರೆ ಅದು 9ನೇ ತಾರೀಕಿನ ಮೊದಲು ಆಗಬೇಕು. ಕಾಂಕ್ರೀಟ್ ಬಿದ್ದ ಮೇಲೆ ಸರಿಮಾಡಲು ಏನೂ ಉಳಿಯುವುದಿಲ್ಲ. ಆಗ 20ನೇ ತಾರೀಕಿಗೆ ಏನಾಗುತ್ತದೆ? ರಾಶಿ ಹಾಕಿದ ಬಿಲ್ಲೆಗಳ ಒಂದು ಫೋಟೋ ಲಗತ್ತಿಸಿ ‘ಕ್ಲೋಸ್ ಆಗಿದೆ’ ಎಂದು ಬರೆಯಬಹುದು. ಕಾಗದ ಸರಿಯಾಯಿತು, ಗೋಡೆ ಸರಿಯಾಗಲಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟೇ: ಮುಂದಿನ ಕೆಲಸದಿಂದ ಮುಚ್ಚಿಹೋಗುವ ಯಾವ ತಪ್ಪಿಗೂ ಕ್ಲೋಸಿಂಗ್ ತಾರೀಕು ಆ ಕೆಲಸದ ನಂತರ ಇರಕೂಡದು. ವರದಿಯಲ್ಲಿ ‘ಇದು ಸರಿಯಾಗಿ, ಎಂಜಿನಿಯರ್ ನೋಡಿ ಸಹಿ ಹಾಕುವವರೆಗೆ ಕಾಂಕ್ರೀಟ್ ಹಾಕಬಾರದು’ ಎಂದೇ ಬರೆಯಬೇಕು. ಕಂಬಿಗೂ ಇದೇ ಮಾತು, ಮಣ್ಣಿನಡಿ ಹೂಳುವ ಪೈಪಿಗೂ ಇದೇ ಮಾತು.

ನಾಲ್ಕನೆಯ ತಪ್ಪು ಬೇರೆ ಬಗೆಯದು. ಕಾಂಕ್ರೀಟ್ ಹಾಕುವ ದಿನವೇ ಅದೇ ಮಿಶ್ರಣದಿಂದ 15 ಸೆಂಟಿಮೀಟರ್ ಅಳತೆಯ ಕ್ಯೂಬ್‌ಗಳನ್ನು ಅಚ್ಚು ಹಾಕಬೇಕು. ಮೂರು ಕ್ಯೂಬ್ ಸೇರಿದರೆ ಒಂದು ಸ್ಯಾಂಪಲ್. ಅವನ್ನು ನೀರಲ್ಲಿಟ್ಟು 28 ದಿನಕ್ಕೆ ಲ್ಯಾಬಿನಲ್ಲಿ ಒಡೆದು ಬಲ ನೋಡುತ್ತಾರೆ. ಪಿಲ್ಲರ್ ಹಾಕಿದ ದಿನ ಕ್ಯೂಬ್ ಮಾಡಿಲ್ಲ ಎಂದರೆ ಇವತ್ತು ಮಾಡಿದ ಕ್ಯೂಬ್ ಆ ಪಿಲ್ಲರಿನ ಸಾಕ್ಷಿ ಆಗುವುದಿಲ್ಲ. ‘ಇನ್ನು ಮುಂದೆ ಕ್ಯೂಬ್ ಮಾಡುತ್ತೇವೆ’ ಎಂಬ ಪತ್ರದಿಂದ ಈ ತಪ್ಪು ಕ್ಲೋಸ್ ಆಗಬಾರದು. ಪಿಲ್ಲರನ್ನೇ ಪರೀಕ್ಷಿಸಬೇಕು. ಮೊದಲು ರೀಬೌಂಡ್ ಹ್ಯಾಮರ್ ಎಂಬ ಸಾಧನದಿಂದ ಹೊಡೆದು ಅಂದಾಜು ನೋಡುತ್ತಾರೆ. ಅನುಮಾನ ಬಂದರೆ ಕಾಂಕ್ರೀಟಿನ ತುಂಡನ್ನೇ ಕೊರೆದು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕನಿಷ್ಠ ಮೂರು ತುಂಡು ಬೇಕು, ಅವುಗಳ ಸರಾಸರಿ ಬಲ ನಿಗದಿ ಬಲದ ಶೇ 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದು ತುಂಡೂ ಶೇ 75ಕ್ಕಿಂತ ಕೆಳಗಿಳಿಯಬಾರದು. ಆ ಪಿಲ್ಲರಿನ ಪರೀಕ್ಷೆಯ ವರದಿ ಬಂದಾಗಲೇ ಕ್ಲೋಸ್.

ಕಾಂಟ್ರಾಕ್ಟರ್‌ಗಳೂ ಒಂದು ಮಾತು ಹೇಳುತ್ತಾರೆ: ‘ಕೆಲಸ ನಿಲ್ಲಿಸಿದರೆ ಆಳುಗಳ ಕೂಲಿ ಯಾರು ಕೊಡುತ್ತಾರೆ? ಮಿಕ್ಸರ್ ಬಾಡಿಗೆ ಯಾರು ಕಟ್ಟುತ್ತಾರೆ?’ ಇದು ಸುಳ್ಳಲ್ಲ. ತಪಾಸಣೆಗೆ ಬರಬೇಕಾದವರು ಹೇಳಿದ ದಿನ ಬರದೆ ಕೆಲಸ ಕಾದು ಕೂತರೆ ಪೆಟ್ಟು ಬೀಳುವುದು ಸಣ್ಣ ಕಾಂಟ್ರಾಕ್ಟರ್‌ಗೇ. ಅದಕ್ಕೆ ಪರಿಹಾರ, ಕಾಂಕ್ರೀಟಿನ ಹಿಂದಿನ ದಿನವೇ ಎಂಜಿನಿಯರ್ ಬಂದು ನೋಡಬೇಕೆಂದು ಮೊದಲೇ ತಾರೀಕು ಗೊತ್ತು ಮಾಡುವುದು. ಕ್ಲೋಸಿಂಗ್ ತಾರೀಕನ್ನು ಮುಂದಕ್ಕೆ ತಳ್ಳುವುದು ಪರಿಹಾರವಲ್ಲ.

ಮೈನರ್ ಎಂದು ಕಡೆಗಣಿಸುವುದೂ ಬೇಡ. ಜುಲೈನಲ್ಲಿ ಹದಿನಾಲ್ಕು ಮೂಟೆ, ಆಗಸ್ಟಿನಲ್ಲೂ ಹದಿನಾಲ್ಕು ಮೂಟೆ ಎಂದರೆ ಅಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ ಎಂದರ್ಥ. ಕ್ಲೋಸ್ ಆದ ಮೈನರ್ ಮತ್ತೆ ಬಂದರೆ ಅದನ್ನು ಮೇಜರ್ ಎಂದೇ ಬರೆಯಬೇಕು.

ವರದಿ ಸಿಗುವುದು ಹೇಗೆ? ಮೊದಲು ಗ್ರಾಮ ಪಂಚಾಯಿತಿ ಮತ್ತು ಊರಿನ ನೀರು–ನೈರ್ಮಲ್ಯ ಸಮಿತಿಯನ್ನು ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ವರದಿ ಮಾತ್ರ ಕೇಳಿದರೆ ಸಾಲದು. ವರದಿ, ಪ್ರತಿ ತಪ್ಪನ್ನು ಕ್ಲೋಸ್ ಮಾಡಲು ಕೊಟ್ಟ ದಾಖಲೆ, ಕಾಂಕ್ರೀಟ್ ಹಾಕಿದ ದಿನಗಳ ರಿಜಿಸ್ಟರ್, ಈ ಮೂರನ್ನೂ ಕೇಳಿ. ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕೂ ಇದೇ ಕಾಯ್ದೆಯಲ್ಲಿದೆ.

ಕೈಗೆ ಬಂದ ಮೇಲೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಒಂದು ಮೇಜರ್ ಆರಿಸಿಕೊಳ್ಳಿ. ಅದು ಕ್ಲೋಸ್ ಆದ ತಾರೀಕಿನ ಪಕ್ಕದಲ್ಲಿ, ಆ ಜಾಗಕ್ಕೆ ಕಾಂಕ್ರೀಟ್ ಬಿದ್ದ ತಾರೀಕು ಬರೆಯಿರಿ. ಕಾಂಕ್ರೀಟಿನ ತಾರೀಕು ಹಿಂದಿನದಾಗಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ‘ಒಳಗಿರುವ ಕಂಬಿಯನ್ನು ನೀವು ಯಾವ ಕಣ್ಣಿಂದ ನೋಡಿದಿರಿ ಸ್ವಾಮಿ?’