ಪ್ಲಗ್ ಕಿತ್ತರೆ ಬಿಲ್ ಇಳಿಯುತ್ತದೆಯೇ?

ಇಳಕಲ್‌ನ ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮುನ್ನ ಅವ್ವ ಅಡುಗೆಮನೆಯಲ್ಲಿ ಒಂದು ಸುತ್ತು ಹಾಕುತ್ತಾಳೆ. ಮಿಕ್ಸರ್, ಇಂಡಕ್ಷನ್ ಒಲೆ, ಓವನ್, ನೀರಿನ ಫಿಲ್ಟರ್ ಎಲ್ಲದರ ಪ್ಲಗ್ ಕೀಳುತ್ತಾಳೆ, ಫ್ರಿಜ್ ಕೂಡ ಬಂದ್ ಮಾಡುತ್ತಾಳೆ. ‘ಗೃಹಜ್ಯೋತಿ ಲೆಕ್ಕ ದಾಟಿದ್ರ ಬಿಲ್ ಯಾರ್ ಕಟ್ಟೋದಪ್ಪಾ?’ ಎನ್ನುತ್ತಾಳೆ.

ಅವಳ ಭಯ ಸುಳ್ಳಲ್ಲ. ನಮ್ಮ ಉಚಿತ ಮಿತಿ ನಿಂತಿರುವುದು 2022–23ರ ಸರಾಸರಿ ಬಳಕೆಯ ಮೇಲೆ. ಅದನ್ನು ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ.

ಹಾಗಾದರೆ ಪ್ಲಗ್ ಕಿತ್ತರೆ ಎಷ್ಟು ಉಳಿಯುತ್ತದೆ? ಬಾಗಲಕೋಟೆಯ ರೂಮಿನಿಂದ ರಜೆಗೆ ಬಂದಾಗ ಮೀಟರ್ ಮುಂದೆಯೇ ನಿಂತು ನೋಡಿದೆ. ಅದರ ಮೇಲೆ 3200 imp/kWh ಎಂದಿತ್ತು. ಅಂದರೆ ಕೆಂಪು ದೀಪ 3200 ಸಲ ಮಿಂಚಿದರೆ ಒಂದು ಯೂನಿಟ್. ಲೈಟು, ಫ್ಯಾನು, ಫ್ರಿಜ್ ಎಲ್ಲ ಆರಿಸಿ, ಒಲೆ, ಓವನ್, ಫಿಲ್ಟರ್‌ಗಳ ಸ್ವಿಚ್ ಮಾತ್ರ ಹಾಕಿಟ್ಟೆ. ಯಾವುದೂ ಕೆಲಸ ಮಾಡುತ್ತಿರಲಿಲ್ಲ. ಆದರೂ ಎರಡೂವರೆ ನಿಮಿಷಕ್ಕೊಮ್ಮೆ ದೀಪ ಮಿಂಚಿತು. ಗಂಟೆಗೆ 24 ಸಲ, ತಿಂಗಳಿಗೆ 17,280 ಸಲ. ಲೆಕ್ಕ ಹಾಕಿದರೆ 5.4 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಸುಮಾರು 32 ರೂಪಾಯಿ. ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಲೆಕ್ಕಕ್ಕೆ ಬರುತ್ತದೆ. ಆದರೆ ಒಂದು ಮಾತು: ಒಂದೆರಡು ವ್ಯಾಟ್‌ನಷ್ಟು ಸಣ್ಣ ಬಳಕೆಯನ್ನು ಮೀಟರ್ ಹಿಡಿಯದೆಯೂ ಇರಬಹುದು.

ಈ ಉಳಿತಾಯಕ್ಕೆ ಪ್ಲಗ್ ಕೀಳಬೇಕಿಲ್ಲ. ನಮ್ಮ ಗೋಡೆಯ ಸಾಕೆಟ್‌ಗೆ ಸ್ವಿಚ್ ಇದೆ, ಅದನ್ನು ಆರಿಸಿದರೆ ಸಾಕು. ದಿನಾ ಕಿತ್ತು ಸಿಕ್ಕಿಸಿದರೆ ಸಾಕೆಟ್ ಸಡಿಲಾಗಿ ಬಿಸಿಯಾಗಬಹುದು. ಗುಂಡಿ ತಿರುಗಿಸುವ ಮಾಮೂಲಿ ಮಿಕ್ಸರ್ ಆರಿದ್ದಾಗ ಕರೆಂಟ್ ಎಳೆಯುವುದೇ ಇಲ್ಲ. ಗಡಿಯಾರ, ಡಿಸ್ಪ್ಲೇ, ಟಚ್ ಬಟನ್, ಅಡಾಪ್ಟರ್ ಇರುವವೇ ಸುಮ್ಮನಿದ್ದಾಗಲೂ ಎಳೆಯುತ್ತವೆ.

ಟೈಮರ್ ಕೊಳ್ಳುವ ಮುನ್ನವೂ ಯೋಚಿಸಬೇಕು. ಡಿಜಿಟಲ್ ಟೈಮರ್ ತಾನೇ ಒಂದು ವ್ಯಾಟ್ ತಿಂದರೆ ತಿಂಗಳಿಗೆ 0.72 ಯೂನಿಟ್ ಹೋಯಿತು. ಎರಡು ವ್ಯಾಟ್‌ನ ಓವನ್ ಗಡಿಯಾರ ಆರಿಸಲು ಅದನ್ನಿಟ್ಟರೆ ಕೊಂಡ ದುಡ್ಡೂ ಹುಟ್ಟುವುದಿಲ್ಲ. ಅನ್ನ ಬಿಸಿಯಾಗಿಡುವ ಕುಕ್ಕರ್ 40 ವ್ಯಾಟ್‌ನಂತೆ ದಿನಕ್ಕೆ ಮೂರು ತಾಸು ಸುಮ್ಮನೆ ಉರಿಯುತ್ತಿದ್ದರೆ ತಿಂಗಳಿಗೆ 3.6 ಯೂನಿಟ್. ಅಲ್ಲಿ ಟೈಮರ್ ಕೆಲಸಕ್ಕೆ ಬರುತ್ತದೆ, ನೆನಪಿಟ್ಟು ಸ್ವಿಚ್ ಆರಿಸಿದರೆ ಅದೂ ಬೇಡ.

ಫ್ರಿಜ್ ವಿಷಯದಲ್ಲಿ ಮಾತ್ರ ಅವ್ವನನ್ನು ತಡೆದೆ. ರಾತ್ರಿ ಏರಿದ ಬಿಸಿಯನ್ನು ಬೆಳಿಗ್ಗೆ ಕಂಪ್ರೆಸರ್ ಓಡಿ ಇಳಿಸಲೇಬೇಕು. ಉಳಿಯುವುದು ಅಲ್ಪ, ನಮ್ಮ ಬೇಸಿಗೆಯಲ್ಲಿ ಕೆಡುವುದು ಹಾಲು.

ಇನ್ನೊಂದು ಲೆಕ್ಕ ಹೇಳುತ್ತೇನೆ. 2000 ವ್ಯಾಟ್‌ನ ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ ದಿನಕ್ಕೆ ಸುಮಾರು ಐದೂವರೆ ನಿಮಿಷ ಕಡಿಮೆ ಉರಿದರೆ ಅದೇ 5.4 ಯೂನಿಟ್ ಉಳಿಯುತ್ತದೆ. ಬೇಳೆ ನೆನೆಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿದರೆ ಅಷ್ಟು ಸಾಧ್ಯ. ಈಗ ಅವ್ವ ಮಲಗುವ ಮುನ್ನ ಮೂರೇ ಸ್ವಿಚ್ ಆರಿಸುತ್ತಾಳೆ, ಜೊತೆಗೆ ಬೇಳೆ ನೆನೆಹಾಕುತ್ತಾಳೆ.