ಎಂಟು ದಿನಕ್ಕೊಮ್ಮೆ ನೀರು – ಯಾವ ಮಣ್ಣಿಗೆ?

ಮುಸುಕಿನ ಜೋಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಕೊಡಬೇಕೆಂದು ಕೇಳಿದರೆ "ಎಂಟು ದಿನಕ್ಕೊಮ್ಮೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಣ್ಣನ್ನು ಹೆಸರಿಸದೆ ದಿನಗಳನ್ನು ಮಾತ್ರ ಹೇಳುವ ಇಂತಹ ಶಿಫಾರಸು ಅರ್ಧ ಶಿಫಾರಸು ಎಂಬುದು ನನ್ನ ಅಭಿಪ್ರಾಯ.

ಹೊಲಕ್ಕೆ ಚೆನ್ನಾಗಿ ನೀರು ಹಾಯಿಸಿದ ಮೇಲೆ ಹೆಚ್ಚಿನ ನೀರು ಒಂದೆರಡು ದಿನಗಳಲ್ಲಿ ಕೆಳಕ್ಕೆ ಬಸಿದುಹೋಗುತ್ತದೆ. ಎರೆ ಮಣ್ಣಿನಲ್ಲಿ ಮೂರು ದಿನವೂ ಆಗಬಹುದು. ಆಗ ಮಣ್ಣು ಹಿಡಿದುಕೊಂಡು ಉಳಿದ ನೀರಿನ ಪ್ರಮಾಣವೇ ಕ್ಷೇತ್ರ ಸಾಮರ್ಥ್ಯ. ಬೆಳೆ ಈ ನೀರನ್ನು ಹೀರುತ್ತಾ ಹೋದಂತೆ, ಉಳಿದದ್ದನ್ನು ಮಣ್ಣಿನ ಕಣಗಳು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತವೆ. ಕೊನೆಗೆ ಬೇರಿಗೆ ಅದನ್ನು ಎಳೆದುಕೊಳ್ಳಲಾಗದೆ ಗಿಡ ಬಾಡುತ್ತದೆ. ರಾತ್ರಿಯ ತಂಪಿನಲ್ಲೂ ಚೇತರಿಸಿಕೊಳ್ಳುವುದಿಲ್ಲ. ಇದೇ ಬಾಡುವ ಬಿಂದು. ಇವೆರಡರ ನಡುವಿನ ನೀರಷ್ಟೇ ಬೆಳೆಯ ಪಾಲಿನದು.

ಜೇಡಿ ಅಂಶ ಹೆಚ್ಚಿರುವ ಎರೆ ಭೂಮಿಯವರು ಮೋಸಹೋಗುವುದು ಇಲ್ಲಿಯೇ. ಗಾತ್ರದ ಲೆಕ್ಕದಲ್ಲಿ ಎರೆ ಮಣ್ಣು ಸುಮಾರು ಶೇಕಡ 40ರಷ್ಟು ನೀರು ಹಿಡಿಯುತ್ತದೆ, ಆದರೆ ಶೇಕಡ 25ರ ಹೊತ್ತಿಗೆ ಬೆಳೆ ಬಾಡುತ್ತದೆ. ಗೋಡು ಮಣ್ಣು ಹಿಡಿಯುವುದು ಶೇಕಡ 28, ಬಾಡುವುದು 14ರಲ್ಲಿ. ಮರಳು ಮಣ್ಣಿನಲ್ಲಿ ಇವು 12 ಮತ್ತು 5. ಹಾಗಾಗಿ ಶೇಕಡ 25ರಷ್ಟು ತೇವವಿರುವ ಗೋಡು ಮಣ್ಣಿನಲ್ಲಿ ಬೆಳೆ ನಳನಳಿಸುತ್ತಿದ್ದರೆ, ಅಷ್ಟೇ ತೇವವಿರುವ ಎರೆಯಲ್ಲಿ ಅದು ಸಾಯುತ್ತಿರುತ್ತದೆ. ಎರೆ ಮುಟ್ಟಿದರೆ ತಂಪಾಗಿದೆಯೆಂದು ನೀರು ಮುಂದೂಡುವುದು ಸರಿಯಲ್ಲ. ಆ ತಂಪು ಮಣ್ಣಿನದು, ಬೆಳೆಯದಲ್ಲ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಬೇಸಿಗೆಯ ಮುಸುಕಿನ ಜೋಳ ಸೂಲಂಗಿ ಬಿಡುವ ಹಂತದಲ್ಲಿದೆ, ಹೆಚ್ಚಿನ ಬೇರುಗಳು 60 ಸೆಂ.ಮೀ. ಆಳದೊಳಗಿವೆ, ದಿನಕ್ಕೆ 6 ಮಿ.ಮೀ. ನೀರು ಖರ್ಚಾಗುತ್ತಿದೆ ಎಂದಿಟ್ಟುಕೊಳ್ಳಿ. ಗೋಡು ಮಣ್ಣಿನಲ್ಲಿ 28ರಿಂದ 14 ಕಳೆದರೆ ಬೆಳೆಯ ಪಾಲು ಶೇಕಡ 14. ಅಂದರೆ 60 ಸೆಂ.ಮೀ. ಆಳಕ್ಕೆ 84 ಮಿ.ಮೀ. ಬಾಡುವವರೆಗೆ ಕಾಯಬಾರದು, ಅರ್ಧ ಮುಗಿದಾಗ, ಎಂದರೆ 42 ಮಿ.ಮೀ. ಖರ್ಚಾದಾಗ ನೀರು ಕೊಡಬೇಕು. ದಿನಕ್ಕೆ 6ರಂತೆ ಇದು 7 ದಿನ. ಎರೆಯಲ್ಲಿ ಬೆಳೆಯ ಪಾಲು 90 ಮಿ.ಮೀ., ಅದರ ಅರ್ಧ 45. ನೀರಿನ ಅವಧಿ ಏಳೂವರೆ ದಿನ. ಅಷ್ಟೊಂದು ನೀರು ಹಿಡಿದರೂ ಎರೆಗೆ ಗೋಡಿಗಿಂತ ಅರ್ಧ ದಿನವಷ್ಟೇ ಹೆಚ್ಚು! ಮರಳು ಮಣ್ಣಿನಲ್ಲಿ ಇಡೀ ಪಾಲೇ 42 ಮಿ.ಮೀ., ಅರ್ಧ 21. ಮೂರೂವರೆ ದಿನಕ್ಕೆ ನೀರು ಬೇಕು. ಎಂಟು ದಿನ ಕಾದರೆ ಏಳನೆಯ ದಿನಕ್ಕೇ ಬೇರಿಗೆ ಸಿಗುವ ನೀರೆಲ್ಲ ಮುಗಿದಿರುತ್ತದೆ.

ಹಾಗೆ ಕಾದವರು ಸಾಲದ್ದನ್ನು ಒಮ್ಮೆಗೇ ತುಂಬಲು ಹೆಚ್ಚು ನೀರು ಬಿಡುವುದುಂಟು. ಮರಳು ಮಣ್ಣು ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ. ನಾಲ್ಕನೆಯ ದಿನ ಹಾಯಿಸುವಾಗ 21ರ ಬದಲು 42 ಮಿ.ಮೀ. ಕೊಟ್ಟರೆ ಉಳಿದ ಅರ್ಧ ಬೇರಿನ ಕೆಳಗಿಳಿಯುತ್ತದೆ, ಜೊತೆಗೆ ನೀವು ಹಾಕಿದ ಯೂರಿಯಾದ ಸಾರಜನಕವನ್ನೂ ಒಯ್ಯುತ್ತದೆ. ಎಕರೆಗೆ 1 ಮಿ.ಮೀ. ಎಂದರೆ ಸುಮಾರು 4,000 ಲೀಟರ್. ಹೀಗೆ ಪೋಲಾಗುವುದು 84,000 ಲೀಟರ್. ಸೆಕೆಂಡಿಗೆ 5 ಲೀಟರ್ ಎತ್ತುವ ಪಂಪಿನ ನಾಲ್ಕೂವರೆ ಗಂಟೆಗೂ ಹೆಚ್ಚಿನ ದುಡಿಮೆ.

ಮೇಲಿನ ಅಂಕಿಗಳು ಅಂದಾಜಿನವು. ನಿಮ್ಮ ಹೊಲದ ಕ್ಷೇತ್ರ ಸಾಮರ್ಥ್ಯವನ್ನು ಅಳೆಯಬಹುದು. ಒಂದು ಮಡಿಗೆ ನೀರು ತುಂಬಿ, ಇಂಗಿದ ಮೇಲೆ ಆವಿಯಾಗದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಎರಡು ದಿನ ಬಿಟ್ಟು ಒಂದಡಿ ಆಳದ ಮಣ್ಣು ತೆಗೆದು ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. 242 ಗ್ರಾಂ ಇದ್ದದ್ದು 200 ಆದರೆ ನೀರು 42 ಗ್ರಾಂ, ತೂಕದಲ್ಲಿ ಶೇಕಡ 21. ಇದನ್ನು ಮಣ್ಣಿನ ಗಾತ್ರ ಸಾಂದ್ರತೆಯಿಂದ, 1.33 ಎನ್ನಿ, ಗುಣಿಸಿದರೆ ಗಾತ್ರದಲ್ಲಿ ಶೇಕಡ 28. ಬಾಡುವ ಬಿಂದುವನ್ನು ಮಾತ್ರ ಪ್ರಯೋಗಶಾಲೆಯಲ್ಲಿ 15 ವಾಯುಭಾರದ ಒತ್ತಡ ಹಾಕಿಯೇ ಅಳೆಯಬೇಕು.

ದಿನದ ಖರ್ಚು ಮಾತ್ರ ಒಂದೇ ಸಮನಿರುವುದಿಲ್ಲ. ಸಸಿ ಚಿಕ್ಕದಿದ್ದಾಗ ಖರ್ಚೂ ಕಡಿಮೆ, ಬೇರೂ ಮೇಲೆಯೇ. ಆಗ ಕಡಿಮೆ ಆಳಕ್ಕೆ ಹೊಸದಾಗಿ ಲೆಕ್ಕ ಹಾಕಿ. ಮಟಮಟ ಮಧ್ಯಾಹ್ನ ಎಲೆ ಸುರುಳಿಯಾಗಿ ಸಂಜೆಗೆ ಬಿಚ್ಚಿಕೊಂಡರೆ ಅದು ಬಾಡುವ ಬಿಂದುವಲ್ಲ, ಆದರೆ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕಾದ ಸೂಚನೆ. ಎರೆಯಲ್ಲಿ ಬಿರುಕು ಅಗಲವಾಗುವ ತನಕ ಬಿಟ್ಟರೆ ಬೇರು ಹರಿಯುತ್ತದೆ, ಹಾಯಿಸಿದ ನೀರು ಬಿರುಕಿನಲ್ಲೇ ಇಳಿದು ಸಾಲಿನ ಕೊನೆಯ ಗಿಡಗಳಿಗೆ ತಲುಪುವುದು ತಡವಾಗುತ್ತದೆ.