ರಜೆ ಎಷ್ಟು ದಿನ ಎಂಬುದಲ್ಲ, ಎಣಿಸುವುದು ಹೇಗೆ ಎಂಬುದು ಪ್ರಶ್ನೆ

ಸರ್ಕಾರಿ ಸೇವೆಯಲ್ಲಿದ್ದಾಗ ನೂರಾರು ರಜೆ ಅರ್ಜಿಗಳಿಗೆ ಸಹಿ ಹಾಕಿದ್ದೇನೆ. ಅವುಗಳಲ್ಲಿ ಬಹುಪಾಲು ಅರ್ಜಿಗಳಿಗೆ ಒಂದು ಆರಂಭದ ದಿನಾಂಕವಿರುತ್ತಿತ್ತು, ಒಂದು ಕೊನೆಯ ದಿನಾಂಕವಿರುತ್ತಿತ್ತು. ನಮ್ಮ ರಜೆ ನಿಯಮಗಳೆಲ್ಲ ಇಂಥ ಅರ್ಜಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಎರಡು ದಿನಾಂಕಗಳ ನಡುವೆ ಅಡಗದ ರಜೆಯೊಂದಿದೆ ಎಂಬುದು ನನಗೆ ಅರಿವಾದದ್ದು ನಿವೃತ್ತಿಯ ನಂತರ, ಸೋದರಳಿಯನ ಮನೆಯಲ್ಲಿ ಕುಳಿತು ಅವನ ಪತ್ನಿಯ ಚಿಕಿತ್ಸಾ ಪಟ್ಟಿಯನ್ನು ನೋಡಿದಾಗ.

ಅವನು ಬೆಂಗಳೂರಿನ ಒಂದು ಖಾಸಗಿ ಕಂಪನಿಯ ನೌಕರ. ಪತ್ನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ವೈದ್ಯರು ಹೇಳಿದ ಕ್ರಮ ಹೀಗಿತ್ತು: ಮೊದಲು ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಬಾರಿ ಕಿಮೊಥೆರಪಿ, ಆನಂತರ ಬೇರೊಂದು ಔಷಧ, ವಾರಕ್ಕೊಮ್ಮೆಯಂತೆ ಹನ್ನೆರಡು ಬಾರಿ, ಬಳಿಕ ಶಸ್ತ್ರಚಿಕಿತ್ಸೆ, ಗಾಯ ಮಾಗಿದ ಮೇಲೆ ಹದಿನೈದು ದಿನಗಳ ವಿಕಿರಣ ಚಿಕಿತ್ಸೆ. ಫೆಬ್ರುವರಿಯಲ್ಲಿ ಆರಂಭವಾದದ್ದು ಮುಗಿಯುವಾಗ ಅಕ್ಟೋಬರ್. ಒಂಬತ್ತು ತಿಂಗಳ ಈ ಅವಧಿಯಲ್ಲಿ ಪತಿ ಸತತವಾಗಿ ಮನೆಯಲ್ಲಿರಬೇಕಾದ ವಾರಗಳು ಕಡಿಮೆ; ಒಂದು ದಿನ, ಅರ್ಧ ದಿನ ಎಂದು ಚದುರಿದ ಗೈರುಹಾಜರಿಯೇ ಹೆಚ್ಚು.

ಇದನ್ನು ಲೆಕ್ಕ ಹಾಕಿದೆವು. ಕಿಮೊಥೆರಪಿಗೆ 16 ದಿನ. ಮೊದಲ ಹಂತದ ಔಷಧ ಹೆಚ್ಚು ಕಠಿಣವಾದ್ದರಿಂದ ಅದನ್ನು ಶುಕ್ರವಾರಕ್ಕೆ ಇರಿಸಿಕೊಂಡು, ವಾಂತಿ ಮತ್ತು ಸುಸ್ತಿನ ದಿನಗಳು ಶನಿವಾರ, ಭಾನುವಾರಗಳಲ್ಲಿ ಕಳೆಯುವಂತೆ ನೋಡಿಕೊಂಡು, ಸೋಮವಾರವೂ ಮನೆಯಲ್ಲಿರುವುದೆಂದು ಇನ್ನೂ 4 ದಿನ. ಶಸ್ತ್ರಚಿಕಿತ್ಸೆಗೆ 5. ವಿಕಿರಣಕ್ಕೆ ದಿನವೂ ಎರಡು ಮೂರು ಗಂಟೆ ಸಾಕು. ಹದಿನೈದು ಅರ್ಧ ದಿನಗಳೆಂದರೆ ಏಳೂವರೆ. ಸ್ಕ್ಯಾನ್ ಮತ್ತು ವೈದ್ಯರ ಭೇಟಿಗೆ ಐದು ಅರ್ಧ ದಿನಗಳೆಂದರೆ ಎರಡೂವರೆ. ಒಟ್ಟು 35. ಅನಿರೀಕ್ಷಿತಕ್ಕೆಂದು 7 ಸೇರಿಸಿದರೆ 42. ಅವನ ಖಾತೆಯಲ್ಲಿ ಆ ವರ್ಷದ ಗಳಿಕೆ ರಜೆ 18, ಅನಾರೋಗ್ಯ ರಜೆ 12, ಹಿಂದಿನ ಉಳಿಕೆ 14, ಒಟ್ಟು 44 ದಿನಗಳಿದ್ದವು. ಹೊಸದಾಗಿ ಒಂದು ದಿನದ ರಜೆಯನ್ನೂ ಕೇಳಬೇಕಾಗಿರಲಿಲ್ಲ.

ಆದರೆ ಸಿಬ್ಬಂದಿ ವಿಭಾಗದ ನಿಯಮಾವಳಿ ಬೇರೆಯದೇ ಲೆಕ್ಕ ಹೇಳಿತು. ಅಲ್ಲಿ ಅರ್ಧ ದಿನದ ಗಳಿಕೆ ರಜೆ ಇಲ್ಲ. ಆದ್ದರಿಂದ ಇಪ್ಪತ್ತು ಅರ್ಧ ದಿನಗಳು ಇಪ್ಪತ್ತು ಪೂರ್ಣ ದಿನಗಳಾದವು. ರಜೆಯ ನಡುವೆ ಬರುವ ವಾರಾಂತ್ಯವೂ ರಜೆಯೇ. ಆದ್ದರಿಂದ ಶುಕ್ರವಾರದಿಂದ ಸೋಮವಾರ ಎಂದರೆ ಎರಡಲ್ಲ, ನಾಲ್ಕು ದಿನ. ಹೀಗೆ ನಾಲ್ಕು ಬಾರಿಗೆ ಎಂಟು ದಿನಗಳು ಸೇರಿದವು. ಅದೇ ಚಿಕಿತ್ಸೆ, ಅದೇ ಗೈರುಹಾಜರಿ. 42 ಇದ್ದದ್ದು 60 ಆಯಿತು. ಕೊರತೆಯಾದ 16 ದಿನಗಳಿಗೆ ಸಂಬಳ ಕಡಿತ. ಈ ವ್ಯತ್ಯಾಸ ಹುಟ್ಟಿದ್ದು ರೋಗದಿಂದಲ್ಲ, ಎಣಿಕೆಯ ಕ್ರಮದಿಂದ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಅನಾರೋಗ್ಯ ರಜೆಗೆ ನೌಕರನದೇ ವೈದ್ಯಕೀಯ ಪ್ರಮಾಣಪತ್ರ ಬೇಕೆಂದು ಸಿಬ್ಬಂದಿ ವಿಭಾಗ ಹೇಳಿತು. ಅಲ್ಲಿನ ಅಧಿಕಾರಿಯೊಬ್ಬರು ಸಹಾನುಭೂತಿಯಿಂದಲೇ, "ನಿಮ್ಮ ಹೆಸರಿನಲ್ಲೇ ಒಂದು ಸರ್ಟಿಫಿಕೇಟ್ ತಂದುಬಿಡಿ, ಯಾರೂ ಕೇಳುವುದಿಲ್ಲ" ಎಂದರಂತೆ. ಈ ಸಲಹೆ ನಮ್ಮ ಕಚೇರಿಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದರ ಅಪಾಯ ಯಾರಿಗೂ ಕಾಣುವುದಿಲ್ಲ. ಸುಳ್ಳು ಪ್ರಮಾಣಪತ್ರ ದುರ್ನಡತೆಯಾಗುತ್ತದೆ. ಬಾಂಧವ್ಯ ಚೆನ್ನಾಗಿರುವವರೆಗೆ ಅದು ಕಡತದಲ್ಲಿ ಮಲಗಿರುತ್ತದೆ. ಕೆಟ್ಟ ದಿನ ಎದ್ದು ಕೂರುತ್ತದೆ.

ವಾಸ್ತವದಲ್ಲಿ ಆ ಸುಳ್ಳಿನ ಅಗತ್ಯವೇ ಇರಲಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 15ನೇ ಪ್ರಕರಣ ವರ್ಷಕ್ಕೆ ಹನ್ನೆರಡು ದಿನಗಳವರೆಗಿನ ವೇತನಸಹಿತ ರಜೆಯನ್ನು ಕೊಡುವಾಗ ಕಾಯಿಲೆ ಮತ್ತು ಅಪಘಾತಗಳ ಜೊತೆಗೆ 'ಇತರ ಯಾವುದೇ ಸಕಾರಣ'ವನ್ನೂ ಹೇಳುತ್ತದೆ. ಪತ್ನಿಯ ಕಿಮೊಥೆರಪಿ ಸಕಾರಣವಲ್ಲವೆಂದು ಯಾರು ವಾದಿಸಿಯಾರು? ನಿರ್ವಹಣಾ ಸ್ಥಾನದಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸದು. ಉಳಿದವರು ಪತ್ನಿಯ ಹೆಸರಿನ ಚಿಕಿತ್ಸಾ ಪಟ್ಟಿಯನ್ನೇ ಲಗತ್ತಿಸಿ ಈ ಮಾತಿನ ಆಧಾರದ ಮೇಲೆ ಲಿಖಿತವಾಗಿ ಕೇಳಬಹುದು. ಸೋದರಳಿಯ ಹಾಗೆಯೇ ಕೇಳಿದ. ಎರಡು ವಾರಗಳ ನಂತರ ಒಪ್ಪಿಗೆ ಬಂತು.

ಇನ್ನು ಮ್ಯಾನೇಜರ್ ಅವರ ವಿಷಯ. ಆತ ಒಳ್ಳೆಯ ಮನುಷ್ಯ. ಮೊದಲ ದಿನವೇ "ಬೇಕಾದಾಗ ಹೋಗಿ, ಹೇಳಿ ಹೋಗಿ" ಎಂದಿದ್ದರು. ಆದರೆ ಜೂನ್ ತಿಂಗಳಲ್ಲಿ ಅವರಿಗೆ ವರ್ಗವಾಗಿ, ಹೊಸಬರು ಬಂದರು. ಅವರಿಗೆ ಕಂಡದ್ದು ಹಾಜರಾತಿ ಪಟ್ಟಿಯಲ್ಲಿನ ರಂಧ್ರಗಳು ಮಾತ್ರ. ಬಾಯಿಮಾತಿನ ಔದಾರ್ಯ ಮನುಷ್ಯನೊಂದಿಗೇ ಹೊರಟುಹೋಗುತ್ತದೆ; ಅಧಿಕಾರಿಯೊಬ್ಬರ ಮೌಖಿಕ ಆದೇಶಕ್ಕೆ ಉತ್ತರಾಧಿಕಾರಿ ಬದ್ಧನಲ್ಲ ಎಂಬುದನ್ನು ಸರ್ಕಾರದಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಆಗ ಇಬ್ಬರೂ ಕುಳಿತು ಒಂದು ಪುಟದ ಟಿಪ್ಪಣಿ ಬರೆದು, ಸಿಬ್ಬಂದಿ ವಿಭಾಗಕ್ಕೂ ಪ್ರತಿ ಕಳುಹಿಸಿದರು.

ಆ ಟಿಪ್ಪಣಿಯ ತಿರುಳು ಗಮನಾರ್ಹ. ಅದು ಗೈರುಹಾಜರಿಯನ್ನು ಎರಡಾಗಿ ವಿಂಗಡಿಸಿತ್ತು. ಮೊದಲನೆಯದು ನಿರೀಕ್ಷಿತ: ಔಷಧ ಕೊಡುವ ದಿನಗಳು. ಇಲ್ಲಿಯೂ ದಿನಾಂಕಗಳನ್ನು ಗಟ್ಟಿಯಾಗಿ ಬರೆದರೆ ಸಾಲದು. ಪ್ರತಿ ಬಾರಿಯೂ ಮೊದಲು ರಕ್ತ ಪರೀಕ್ಷೆ ಮಾಡುತ್ತಾರೆ. ಬಿಳಿ ರಕ್ತಕಣಗಳು ಕಡಿಮೆಯಿದ್ದರೆ ಅಂದಿನ ಔಷಧವನ್ನು ಮುಂದೂಡುತ್ತಾರೆ. ಆಗ ಮುಂದಿನ ಎಲ್ಲ ದಿನಾಂಕಗಳೂ ಜರುಗುತ್ತವೆ. ಆದ್ದರಿಂದ ಮಂಜೂರಾತಿ ದಿನಾಂಕಕ್ಕಲ್ಲ, ಚಿಕಿತ್ಸೆಗೆ. ದಿನಾಂಕ ಬದಲಾದರೆ ಒಂದು ಸಾಲಿನ ಇ-ಮೇಲ್ ಸಾಕು, ಹೊಸ ಅರ್ಜಿ ಬೇಡ. ಎರಡನೆಯದು ಅನಿರೀಕ್ಷಿತ. ಮೂರು ವಾರಕ್ಕೊಮ್ಮೆ ಕೊಡುವ ಔಷಧದ ನಂತರ ಸುಮಾರು ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರೋಗನಿರೋಧಕ ಶಕ್ತಿ ಅತ್ಯಂತ ಕುಗ್ಗಿರುತ್ತದೆ, ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಅದು ಯಾವ ದಿನ ಎಂದು ಹೇಳಲಾಗದಿದ್ದರೂ ಯಾವ ವಾರ ಎಂದು ಹೇಳಬಹುದು. ವಾರಕ್ಕೊಮ್ಮೆಯ ಔಷಧದಲ್ಲಿ ಈ ಭಯ ಕಡಿಮೆ, ಆದರೆ ಇಲ್ಲವೆಂದಲ್ಲ. ಬದಲಿ ಕೆಲಸಗಾರ ಯಾರು, ಬೆಳಗಿನ ಎಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬುದನ್ನು ಬರೆದಿಟ್ಟದ್ದರಿಂದ ಹೊಸ ಮ್ಯಾನೇಜರ್‌ಗೂ ನೆಮ್ಮದಿಯಾಯಿತು.

ಅವರ ಆಕ್ಷೇಪವೊಂದು ನ್ಯಾಯವಾಗಿಯೇ ಇತ್ತು. ವಾರದ ಮುಖ್ಯ ಸಭೆ ಶುಕ್ರವಾರ ನಡೆಯುತ್ತಿತ್ತು. ಹನ್ನೆರಡು ಶುಕ್ರವಾರ ಒಬ್ಬನಿಲ್ಲದೆ ಹೇಗೆ? ವೈದ್ಯರನ್ನು ಕೇಳಿದಾಗ, ಎರಡು ಔಷಧಗಳ ನಡುವಿನ ಅಂತರ ಮುಖ್ಯವೇ ಹೊರತು ವಾರವಲ್ಲ ಎಂದರು. ಉಳಿದ ವಾರಗಳ ಔಷಧವನ್ನು ಬುಧವಾರಕ್ಕೆ ವರ್ಗಾಯಿಸಲಾಯಿತು. ಚಿಕಿತ್ಸೆಯಲ್ಲಿ ಯಾವುದು ಬದಲಾಗಬಲ್ಲದು, ಯಾವುದು ಬದಲಾಗದು ಎಂದು ವೈದ್ಯರಿಂದ ತಿಳಿದುಕೊಂಡು ಬಂದ ನೌಕರನೊಡನೆ ಮಾತುಕತೆ ಸುಲಭ.

ಇಷ್ಟು ಕಷ್ಟವೇಕೆ, ರಾಜೀನಾಮೆ ಕೊಟ್ಟು ಪತ್ನಿಯನ್ನು ನೋಡಿಕೊಳ್ಳಬಾರದೇ ಎಂದು ಹಿರಿಯರು ಕೇಳಿದ್ದುಂಟು. ಅದಕ್ಕೆ ಉತ್ತರ ಭಾವನಾತ್ಮಕವಲ್ಲ, ಆರ್ಥಿಕ. ಆಕೆಯ ಚಿಕಿತ್ಸೆಗೆ ಹಣ ಬರುತ್ತಿದ್ದುದು ಕಂಪನಿಯ ಸಾಮೂಹಿಕ ಆರೋಗ್ಯ ವಿಮೆಯಿಂದ. ಕೆಲಸ ಬಿಟ್ಟರೆ ಆ ರಕ್ಷಣೆಯೂ ಹೋಗುತ್ತದೆ. ಹೊಸದಾಗಿ ವೈಯಕ್ತಿಕ ಪಾಲಿಸಿ ಕೊಳ್ಳಹೊರಟರೆ, ಈಗಾಗಲೇ ಇರುವ ಕಾಯಿಲೆಗೆ ಕಾಯುವ ಅವಧಿಯನ್ನು ವಿಧಿಸಬಹುದು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿದೆ, ಅಷ್ಟೆ. ಕ್ಯಾನ್ಸರ್ ಇರುವವರಿಗೆ ಪಾಲಿಸಿ ಸಿಗುವುದೇ ಕಷ್ಟ. ಹಾಗಾಗಿ ಪತಿಯ ಹಾಜರಾತಿ ಪತ್ನಿಯ ಚಿಕಿತ್ಸೆಯ ಒಂದು ಭಾಗವೇ ಆಗಿತ್ತು.

ಸರ್ಕಾರಿ ನೌಕರರ ಸ್ಥಿತಿ ಉತ್ತಮವೆಂದು ಭಾವಿಸಬೇಕಾಗಿಲ್ಲ. ಕೇಂದ್ರದ 1972ರ ರಜೆ ನಿಯಮಗಳಲ್ಲಿ ಪೂರ್ಣ ವೇತನದ ಪರಿವರ್ತಿತ ರಜೆ ದೊರೆಯುವುದು ಮುಖ್ಯವಾಗಿ ನೌಕರನ ಸ್ವಂತ ಕಾಯಿಲೆಗೆ. ಪತ್ನಿಗೋ ಪತಿಗೋ ಕಾಯಿಲೆಯಾದರೆ ಗಳಿಕೆ ರಜೆ, ಅದು ಮುಗಿದರೆ ಅರ್ಧವೇತನ ರಜೆ. ಆರೈಕೆಗೆಂದೇ ರೂಪುಗೊಂಡ ಶಿಶುಪಾಲನಾ ರಜೆಯೂ ಮಕ್ಕಳಿಗೆ ಸೀಮಿತ. ಅದರಲ್ಲಿಯೂ ಒಮ್ಮೆಗೆ ಕನಿಷ್ಠ ಐದು ದಿನ, ಸಾಮಾನ್ಯವಾಗಿ ವರ್ಷಕ್ಕೆ ಮೂರು ಬಾರಿ ಎಂಬ ಮಿತಿ ಇದೆ. ವಾರಕ್ಕೊಂದು ದಿನ ಬೇಕಾದವರಿಗೆ ಈ ಅಚ್ಚು ಹೊಂದುವುದಿಲ್ಲ.

ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಯಿಂದ ಇಲ್ಲಿ ಕಲಿಯುವುದಿದೆ. ಅದು ಉದಾರವಾದ ಕಾಯ್ದೆಯೇನಲ್ಲ. ಅದರ ರಜೆಗೆ ವೇತನವಿಲ್ಲ. ಐವತ್ತಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಅನ್ವಯಿಸದು. ಒಂದು ವರ್ಷದ ಸೇವೆಯಾಗಿರಬೇಕು. ಆದರೆ ಅದು ಎಣಿಕೆಯ ಪ್ರಶ್ನೆಯನ್ನು ಬಗೆಹರಿಸಿದೆ. ವರ್ಷಕ್ಕೆ ಹನ್ನೆರಡು ವಾರ ಎಂದರೆ, ವಾರಕ್ಕೆ ನಲವತ್ತು ಗಂಟೆ ದುಡಿಯುವವನಿಗೆ 480 ಗಂಟೆ. ಪತಿ ಅಥವಾ ಪತ್ನಿಯ ಗಂಭೀರ ಕಾಯಿಲೆಗೆ ವೈದ್ಯಕೀಯ ಅಗತ್ಯವಿದ್ದರೆ ಅದನ್ನು ಬಿಡಿಬಿಡಿಯಾಗಿ, ಗಂಟೆಗಳ ಲೆಕ್ಕದಲ್ಲಿಯೂ ಪಡೆಯಬಹುದು. ಎಷ್ಟು ದಿನಕ್ಕೊಮ್ಮೆ, ಪ್ರತಿ ಬಾರಿ ಎಷ್ಟು ಹೊತ್ತು ಎಂಬ ಅಂದಾಜನ್ನು ವೈದ್ಯರು ಬರೆದುಕೊಡುತ್ತಾರೆ. ನೌಕರನ ನೇರ ಮೇಲಧಿಕಾರಿ ವೈದ್ಯರಿಗೆ ಫೋನ್ ಮಾಡುವಂತಿಲ್ಲ. ಪ್ರತಿಯಾಗಿ, ಸಂಸ್ಥೆಯ ಕೆಲಸಕ್ಕೆ ಅನಗತ್ಯ ತೊಂದರೆಯಾಗದಂತೆ ಚಿಕಿತ್ಸೆಯ ವೇಳೆಯನ್ನು ಹೊಂದಿಸಲು ನೌಕರ ಪ್ರಯತ್ನಿಸಬೇಕು. ಶುಕ್ರವಾರ ಬುಧವಾರವಾದದ್ದು ಇದೇ ತತ್ವದಿಂದ.

ನಮ್ಮಲ್ಲಿ ಇದಕ್ಕೆ ಹೊಸ ಕಾಯ್ದೆಯನ್ನೇ ಕಾಯಬೇಕಾಗಿಲ್ಲ. ಗಂಭೀರ ಕಾಯಿಲೆಯ ಆರೈಕೆಗಾಗಿ ಇರುವ ರಜೆಯನ್ನೇ ಅರ್ಧ ದಿನಗಳಲ್ಲಿ ಬಳಸಲು ಬಿಡುವುದು, ನಡುವಿನ ವಾರಾಂತ್ಯವನ್ನು ಎಣಿಸದಿರುವುದು, ಇಡೀ ಚಿಕಿತ್ಸಾ ಪಟ್ಟಿಗೆ ಒಂದೇ ಬಾರಿ ಮಂಜೂರಾತಿ ಕೊಡುವುದು: ಈ ಮೂರನ್ನು ಒಂದು ಸುತ್ತೋಲೆಯಲ್ಲಿ ಹೇಳಬಹುದು. ಸಂಸ್ಥೆಗೆ ಇದರಿಂದ ಹೆಚ್ಚುವರಿಯಾಗಿ ಒಂದು ದಿನದ ರಜೆಯ ಹೊರೆಯೂ ಬೀಳದು.

ಸೋದರಳಿಯನ ಕಂಪನಿ ಅರ್ಧ ದಿನಗಳನ್ನು ಕೊನೆಗೆ ಒಪ್ಪಿತು. ವಾರಾಂತ್ಯದ ನಿಯಮವನ್ನು ಸಡಿಲಿಸಲಿಲ್ಲ. ಎಂಟು ದಿನಗಳು ಹಾಗೆ ಹೋದವು. ಜ್ವರದಿಂದ ಒಮ್ಮೆ ನಾಲ್ಕು ದಿನ ಆಸ್ಪತ್ರೆಯಲ್ಲಿರಬೇಕಾಯಿತು. ವಿಕಿರಣದ ಕೊನೆಯ ದಿನ ಮುಗಿದಾಗ ಅವನ ಖಾತೆಯಲ್ಲಿ ರಜೆ ಉಳಿದಿರಲಿಲ್ಲ. ಪತ್ನಿ ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಅದಕ್ಕೆ ಅರ್ಧ ದಿನ ಸಾಕು.